ಶುಕ್ರವಾರದೊಳಗೆ ಕೇಳಿರುವ ಎರಡು ಕೆಲಸಗಳಲ್ಲಿ ಯಾವುದನ್ನು ಮೊದಲು ಮುಗಿಸಬೇಕೆಂದು ತಿಳಿಸಲು ಕೋರಿಕೆ

ಮಾನ್ಯರೇ, ನಮಸ್ಕಾರ.

ಇಂದು ಒಂದೇ ದಿನ ಇಬ್ಬರು ಮುಖ್ಯಸ್ಥರಿಂದ ನನಗೆ ಎರಡು ತುರ್ತು ಕೆಲಸಗಳು ಬಂದಿವೆ. ಎರಡನ್ನೂ ಕೇಳಿದ ಸಮಯಕ್ಕೆ ಸರಿಯಾಗಿ ಮುಗಿಸಲು ಸಾಧ್ಯವಿಲ್ಲದ ಕಾರಣ ಯಾವುದು ಮೊದಲು ಎಂಬುದನ್ನು ತಾವೇ ನಿರ್ಧರಿಸಿ ತಿಳಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಮುಂದಿನ ಸೋಮವಾರ ಲೆಕ್ಕಪರಿಶೋಧಕರು ಬರುವುದರಿಂದ ಗೋದಾಮಿನ ಸ್ಟಾಕ್ ತಾಳೆಯನ್ನು ಶುಕ್ರವಾರ ಸಂಜೆಯೊಳಗೆ ಪೂರ್ಣಗೊಳಿಸಬೇಕೆಂದು ಹಣಕಾಸು ವಿಭಾಗದ ಮುಖ್ಯಸ್ಥರು ಬೆಳಿಗ್ಗೆ ಮೇಲ್ ಕಳುಹಿಸಿದ್ದಾರೆ. ಮಧ್ಯಾಹ್ನ ಮಾರಾಟ ವಿಭಾಗದ ಮುಖ್ಯಸ್ಥರು ಫೋನ್ ಮಾಡಿ, ಶುಕ್ರವಾರ ಬೆಳಿಗ್ಗೆ ಡೀಲರುಗಳ ಸಭೆ ಇರುವುದರಿಂದ 620 ವಸ್ತುಗಳ ಹೊಸ ಪಟ್ಟಿ, ಪ್ರತಿಯೊಂದರ ಲಭ್ಯ ಸ್ಟಾಕ್ ಸಮೇತ, ಗುರುವಾರ ಸಂಜೆಗೇ ತಮ್ಮ ಕೈಸೇರಬೇಕೆಂದರು. ಒಬ್ಬರು ಕೇಳಿದ್ದು ಇನ್ನೊಬ್ಬರಿಗೆ ತಿಳಿದಂತಿಲ್ಲ. ನಾನು ಇಬ್ಬರಿಗೂ ಮಾತು ಕೊಟ್ಟಿಲ್ಲ. ತಮ್ಮೊಡನೆ ಚರ್ಚಿಸಿ ನಾಳೆ ಉತ್ತರಿಸುವೆನೆಂದು ಹೇಳಿದ್ದೇನೆ.

ನಮ್ಮ ವಿಭಾಗದಲ್ಲಿ ಈ ಕೆಲಸಕ್ಕೆ ಇರುವವರು ನಾನು ಮತ್ತು ನನ್ನ ಸಹೋದ್ಯೋಗಿ, ಇಬ್ಬರೇ. ತಾಳೆ ನೋಡುವುದು ಇನ್ನೂ 720 ವಸ್ತುಗಳಿಗೆ ಬಾಕಿ ಇದೆ, ದಿನಕ್ಕೆ ಸುಮಾರು 180 ಆಗುತ್ತದೆ, ಅಂದರೆ ನಾಳೆಯಿಂದ ಶುಕ್ರವಾರದವರೆಗಿನ ನಾಲ್ಕು ದಿನಗಳೂ ಅದಕ್ಕೇ ಬೇಕು. ಮಾರಾಟ ಪಟ್ಟಿಗೆ ಇಬ್ಬರೂ ಕೂತರೆ ಎರಡು ದಿನ ಹಿಡಿಯುತ್ತದೆ. ಒಬ್ಬರು ತಾಳೆಗೆ, ಒಬ್ಬರು ಪಟ್ಟಿಗೆ ಎಂದು ಹಂಚಿಕೊಳ್ಳೋಣವೆಂದರೆ ಅದೂ ಆಗದು. ಏಕೆಂದರೆ ಒಬ್ಬರು ಕಪಾಟಿನ ಮುಂದೆ ನಿಂತು ಎಣಿಸಿ ಹೇಳಿದಂತೆ ಇನ್ನೊಬ್ಬರು ರಿಜಿಸ್ಟರಿನಲ್ಲಿ ಗುರುತು ಹಾಕುತ್ತಾ ಹೋದರೆ ಮಾತ್ರ ತಾಳೆ ನಂಬಲರ್ಹವಾಗಿರುತ್ತದೆ.

ಅವಸರದಲ್ಲಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕಳೆದ ವಾರದ ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ತರಬೇಕೆನಿಸುತ್ತದೆ. ಒಂದು ಬಗೆಯ ಬೇರಿಂಗ್ ರಿಜಿಸ್ಟರಿನಲ್ಲಿ 48 ಇತ್ತು, ಕಪಾಟಿನಲ್ಲಿ 36 ಮಾತ್ರ. ಹಳೆಯ ಡೆಲಿವರಿ ಚಲನ್‌ಗಳ ಕಟ್ಟನ್ನು ಒಂದೊಂದಾಗಿ ತಿರುವಿಹಾಕಿದಾಗ, 12ರ ಒಂದು ಡಬ್ಬಿ ಸಾಗಣೆಯಾಗಿದ್ದರೂ ಲೆಕ್ಕಕ್ಕೆ ಏರದೇ ಉಳಿದದ್ದು ಪತ್ತೆಯಾಯಿತು. ಆ ಒಂದು ಸಾಲಿಗೇ ಮುಕ್ಕಾಲು ಗಂಟೆ ಹಿಡಿಯಿತು. ಅಂತಹ ವಸ್ತುವನ್ನು ತಾಳೆ ನೋಡದೆ ಮಾರಾಟ ಪಟ್ಟಿಯಲ್ಲಿ ‘48 ಲಭ್ಯ’ ಎಂದು ಬರೆದು ಕೊಟ್ಟಿದ್ದರೆ, ಇಲ್ಲದ ಸರಕಿಗೆ ನಾವು ಆರ್ಡರ್ ತೆಗೆದುಕೊಂಡಂತಾಗುತ್ತಿತ್ತು. ಎರಡು ಕೆಲಸಗಳು ಒಂದಕ್ಕೊಂದು ಹೀಗೆ ಹೆಣೆದುಕೊಂಡಿರುವುದರಿಂದಲೇ, ಎರಡನ್ನೂ ಅರ್ಧಂಬರ್ಧ ಮಾಡಿ ಇಬ್ಬರನ್ನೂ ಸಮಾಧಾನಪಡಿಸುವ ದಾರಿ ನನಗೆ ಸರಿ ಕಾಣುವುದಿಲ್ಲ.

ತಾವು ಒಪ್ಪುವುದಾದರೆ ನನ್ನದೊಂದು ಸಲಹೆ ಇದೆ. ಆ 620ರಲ್ಲಿ ಕಳೆದ ಮೂರು ತಿಂಗಳಲ್ಲಿ ಡೀಲರುಗಳು ನಿಜವಾಗಿ ತರಿಸಿಕೊಂಡಿರುವ ವಸ್ತುಗಳು 240, ಮತ್ತು ಅವುಗಳ ತಾಳೆ ಈಗಾಗಲೇ ಮುಗಿದಿದೆ. ನಾಳೆ ಒಂದು ದಿನ ಕೂತು ಆ 240ರ ಪಟ್ಟಿಯನ್ನು ಸರಿಯಾದ ಸ್ಟಾಕ್ ಸಮೇತ ಮಾರಾಟ ವಿಭಾಗಕ್ಕೆ ಒಪ್ಪಿಸುತ್ತೇವೆ. ಬುಧವಾರದಿಂದ ಶುಕ್ರವಾರದವರೆಗೆ ಹೆಚ್ಚು ಬೆಲೆಬಾಳುವ ವಸ್ತುಗಳಿಂದಲೇ ಆರಂಭಿಸಿ 540 ವಸ್ತುಗಳ ತಾಳೆ ಮುಗಿಸುತ್ತೇವೆ. ಉಳಿಯುವ 180 ಸೋಮವಾರ ಸಂಜೆಯೊಳಗೆ ಆಗುತ್ತವೆ. ಪರಿಶೋಧಕರು ಆ ದಿನ ಮುಗಿದಿರುವ ವಸ್ತುಗಳನ್ನೇ ಮೊದಲು ನೋಡಲು ಒಪ್ಪುವರೇ ಎಂದು ಹಣಕಾಸು ವಿಭಾಗ ಮುಂಚಿತವಾಗಿ ವಿಚಾರಿಸಬೇಕಾಗುತ್ತದೆ. ಒಪ್ಪದಿದ್ದರೆ, ನನ್ನ ಅಭಿಪ್ರಾಯದಲ್ಲಿ ತಾಳೆಯೇ ಮೊದಲಾಗಬೇಕು, ಏಕೆಂದರೆ ಸಭೆ ಮುಗಿದ ಮೇಲೂ ಡೀಲರುಗಳಿಗೆ ಪಟ್ಟಿ ಕಳುಹಿಸಬಹುದು. ಆದರೆ ಆ ಸಭೆಯಲ್ಲಿ ಯಾವ ಆರ್ಡರುಗಳು ನಿರ್ಧಾರವಾಗಲಿವೆ ಎಂಬುದು ನನಗಿಂತ ತಮಗೆ ಚೆನ್ನಾಗಿ ಗೊತ್ತು. ತಾವು ಬೇರೆ ಕ್ರಮ ಹೇಳಿದರೆ ಅದರಂತೆಯೇ ನಡೆಯುತ್ತೇವೆ.

ಎಣಿಕೆ ನಡೆಯುವ ಕಪಾಟುಗಳಿಂದ ಸರಕು ಹೊರಹೋಗದಂತೆ ಗೋದಾಮಿನವರಿಗೆ ಮೊದಲೇ ತಿಳಿಸಬೇಕಾಗಿರುವುದರಿಂದ, ದಯವಿಟ್ಟು ನಾಳೆ ಬೆಳಿಗ್ಗೆ 10 ಗಂಟೆಯೊಳಗೆ ತಮ್ಮ ನಿರ್ಧಾರ ತಿಳಿಸಬೇಕೆಂದು ಕೋರುತ್ತೇನೆ. ಬರೆದು ಕಳುಹಿಸಲು ಸಮಯವಿಲ್ಲದಿದ್ದರೆ 9.30ಕ್ಕೆ ನಾನೇ ತಮ್ಮ ಕೊಠಡಿಗೆ ಬರುತ್ತೇನೆ, ಐದು ನಿಮಿಷ ಸಾಕು. ಆ ನಿರ್ಧಾರವನ್ನು ಇಬ್ಬರು ಮುಖ್ಯಸ್ಥರಿಗೂ ತಾವೇ ತಿಳಿಸಿದರೆ ಒಳ್ಳೆಯದು. ನನ್ನ ಮಟ್ಟದಿಂದ ಅದು ಹೋದರೆ ಒಬ್ಬರ ಕೆಲಸವನ್ನು ನಾನೇ ಬದಿಗಿಟ್ಟಂತೆ ಅವರಿಗೆ ತೋರಬಹುದೆಂಬ ಅಳುಕು ನನಗಿದೆ.

ತಮ್ಮ ವಿಶ್ವಾಸಿ,
ಹಿರಿಯ ಸಹಾಯಕಿ, ದಾಸ್ತಾನು ಲೆಕ್ಕ ವಿಭಾಗ