ಪಾಠ ಯೋಜನೆ: ತೊಗರಿ ಗಿಡದ ತೂಕ ಎಲ್ಲಿಂದ ಬಂತು?

7ನೇ ತರಗತಿ, ವಿಜ್ಞಾನ, ಸೋಮವಾರ ಎರಡು ಪಿರಿಯಡ್: ಬೆಳಿಗ್ಗೆ ಒಂದು, ಊಟದ ನಂತರ ಒಂದು. ಮೇಡಂ, ಬಿ ಸೆಕ್ಷನ್‌ಗೆ ನೀವೂ ಇದನ್ನೇ ಬಳಸಿ. ದಾಸವಾಳದ ಕುಂಡಗಳನ್ನು ಶುಕ್ರವಾರ ಸಂಜೆಯೇ ಕತ್ತಲೆ ಕೋಣೆಯಲ್ಲಿ ಇಡಬೇಕು, ಮರೆಯಬೇಡಿ. ಎಲೆಯಲ್ಲಿ ಹಳೆಯ ಪಿಷ್ಟ ಉಳಿದರೆ ಪ್ರಯೋಗವೇ ಕೆಡುತ್ತದೆ.

ತೊಡಗಿಸುವುದು. ಒಂದು ಕೈಯಲ್ಲಿ ತೊಗರಿ ಕಾಳು, ಇನ್ನೊಂದರಲ್ಲಿ ಹೋದ ವರ್ಷದ ಒಣ ತೊಗರಿ ಕಟ್ಟಿಗೆ. ಇಷ್ಟು ತೂಕ ಎಲ್ಲಿಂದ ಬಂತು? "ಮಣ್ಣಿನ್ಯಾಗಿಂದ್ರಿ ಸರ್", "ಗೊಬ್ಬರದಿಂದ್ರಿ" ಅಂತಾರೆ. ತಿದ್ದಬೇಡಿ, ಎಲ್ಲವನ್ನೂ ಬೋರ್ಡ್ ಮೇಲೆ ಬರೆದಿಡಿ, ಸಂಜೆವರೆಗೂ ಅಳಿಸಬೇಡಿ.

ಹುಡುಕುವುದು. ಇದಕ್ಕೇ ಜಾಸ್ತಿ ಸಮಯ. ನಾಲ್ಕು ಗುಂಪು, ಗುಂಪಿಗೊಂದು ಕುಂಡ. ಒಂದು ಎಲೆಯ ಮಧ್ಯಭಾಗಕ್ಕೆ ಎರಡೂ ಕಡೆ ಕಪ್ಪು ಕಾಗದ ಇಟ್ಟು ಮಕ್ಕಳೇ ಕ್ಲಿಪ್ ಹಾಕಲಿ. ಕುಂಡ ಬಿಸಿಲಿಗೆ. ಮೋಡ ಕವಿದರೆ ಮರುದಿನ ಮಾಡಿ. ಮಧ್ಯಾಹ್ನ ಎಲೆ ಕಿತ್ತು ಕುದಿಯುವ ನೀರಲ್ಲಿ ಒಂದೆರಡು ನಿಮಿಷ ಅದ್ದಿ, ಆಮೇಲೆ ಒಲೆ ಆರಿಸಿ, ಸ್ಪಿರಿಟ್ ಇರುವ ಪ್ರನಾಳವನ್ನು ಆ ಬಿಸಿನೀರಲ್ಲೇ ಇಟ್ಟು ಅದರೊಳಗೆ ಎಲೆ ಹಾಕಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ, ಈ ಕೆಲಸ ನಾವೇ ಮಾಡೋಣ. ಹಸಿರು ಬಿಟ್ಟು ಬಿಳಿಚಿದ ಎಲೆಯನ್ನು ತೊಳೆದು, ಮಕ್ಕಳು ಅಯೋಡಿನ್ ಹನಿಸಲಿ. ಬಿಸಿಲು ಬಿದ್ದ ಕಡೆ ಪಿಷ್ಟ ಇರುವುದರಿಂದ ಕಡುನೀಲಿ, ಕಾಗದ ಮುಚ್ಚಿದ ಕಡೆ ಅಯೋಡಿನ್‌ನ ಕಂದು ಬಣ್ಣವೇ. ಆ ಪಟ್ಟಿಯನ್ನು ನೋಡುವಾಗ ನಾವು ಏನೂ ಹೇಳದೆ ಸುಮ್ನೆ ಇರಬೇಕು.

ವಿವರಿಸುವುದು. ಮೊದಲು ಮಕ್ಕಳು ಹೇಳಲಿ. ಅಲ್ಲಿಯವರೆಗೆ 'ದ್ಯುತಿಸಂಶ್ಲೇಷಣೆ' ಅನ್ನೋ ಪದವೇ ಬೇಡ, ಮೊದಲೇ ಹೇಳಿದರೆ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಯೋಚನೆ ಅಲ್ಲಿಗೇ ನಿಲ್ಲುತ್ತದೆ. ಎಲೆಯ ಪತ್ರರಂಧ್ರದಿಂದ ಕಾರ್ಬನ್ ಡೈಆಕ್ಸೈಡ್, ಬೇರಿನಿಂದ ನೀರು, ಬೆಳಕು ಹಿಡಿಯಲು ಪತ್ರಹರಿತ್ತು. ಗ್ಲೂಕೋಸ್ ತಯಾರಾಗುತ್ತದೆ, ಆಕ್ಸಿಜನ್ ಹೊರಗೆ ಹೋಗುತ್ತದೆ, ಹೆಚ್ಚಾದ ಗ್ಲೂಕೋಸ್ ಪಿಷ್ಟವಾಗಿ ಉಳಿಯುತ್ತದೆ. ಇಲ್ಲಿ ವಿಜ್ಞಾನಿ ವಾನ್ ಹೆಲ್ಮಾಂಟ್ ಕಥೆ ಹೇಳಿ: ಕುಂಡದಲ್ಲಿ ಗಿಡ ನೆಟ್ಟು ಬರೀ ನೀರು ಹಾಕಿದರು, ಐದು ವರ್ಷದಲ್ಲಿ ಮರದ ತೂಕ 70 ಕೆ.ಜಿ.ಗೂ ಜಾಸ್ತಿ ಏರಿತು, ಕುಂಡದ ಮಣ್ಣು ಕಡಿಮೆಯಾಗಿದ್ದು 60 ಗ್ರಾಂ ಕೂಡ ಇಲ್ಲ. ಎಲ್ಲಾ ನೀರಿನಿಂದಲೇ ಬಂತು ಅಂದುಕೊಂಡರು, ಗಾಳಿಯ ಪಾಲು ಅವರಿಗೆ ಹೊಳೆಯಲಿಲ್ಲ. ಹಾಗಂತ ಗೊಬ್ಬರ ಬೇಡ ಅಂತಲ್ಲ. ಅದರಿಂದ ಸಿಗುವ ಖನಿಜಗಳು ಸ್ವಲ್ಪ ಆದರೂ ಬೇಕೇ ಬೇಕು. ಮನೆಯಲ್ಲಿ ಅಪ್ಪ ಗೊಬ್ಬರಕ್ಕೆ ದುಡ್ಡು ಹಾಕುವುದನ್ನು ನೋಡಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು.

ವಿಸ್ತರಿಸುವುದು. ಕೆಂಪು ರಾಜಗಿರಿ ಸೊಪ್ಪು ಆಹಾರ ತಯಾರಿಸುತ್ತದಾ? ಎಲೆಯನ್ನು ನೀರಲ್ಲಿ ಕುದಿಸಿ, ಕೆಂಪು ನೀರಿಗೆ ಇಳಿದು ಒಳಗಿನ ಹಸಿರು ಕಾಣುತ್ತದೆ. ಹತ್ತು ನಿಮಿಷ ಸಾಕು.

ಮೌಲ್ಯಮಾಪನ. ಬಿಟ್ಟ ಸ್ಥಳ ತುಂಬಿಸುವುದು ಬೇಡ. ಪ್ರತಿಯೊಬ್ಬರೂ ಎರಡು ಸಾಲು ಬರೆಯಲಿ: ದೊಡ್ಡ ಹೊರೆ ತೊಗರಿ ಕಟ್ಟಿಗೆ ಒಲೆಗೆ ಹಾಕಿದರೆ ಕೊನೆಗೆ ಉಳಿಯೋದು ಒಂದಿಷ್ಟು ಬೂದಿ, ಉಳಿದದ್ದು ಎಲ್ಲಿ ಹೋಯಿತು? "ಬೂದಿ ಮಣ್ಣಿಂದ ಬಂದಿದ್ದು, ಉಳಿದದ್ದು ಗಾಳಿಗೆ ವಾಪಸ್ ಹೋಯಿತು" ಅನ್ನೋ ಅರ್ಥದಲ್ಲಿ ಬರೆದವರಿಗೆ ಪಾಠ ತಿಳಿದಿದೆ. ಇನ್ನೂ ತೂಕವೆಲ್ಲ ಮಣ್ಣಿನದೇ ಅನ್ನುವವರ ಹೆಸರು ಗುರುತು ಹಾಕಿಕೊಳ್ಳಿ, ಮಂಗಳವಾರ ಅವರನ್ನು ಕೂರಿಸಿಕೊಂಡು ಅದೇ ನೀಲಿ ಎಲೆಯಿಂದ ಮತ್ತೆ ಶುರು ಮಾಡೋಣ.