ಸಂಡೇ ಕ್ರಿಕೆಟ್, ಕುವೆಂಪುನಗರ

ಬುಧವಾರ

ಪ್ರದೀಪ (ರಾತ್ರಿ 9:12): ಎಲ್ಲರೂ ಪೂರ್ತಿ ಓದಿ. ಈ ಭಾನುವಾರ ಮ್ಯಾಚ್. ರಿಂಗ್ ರೋಡ್ ಪಕ್ಕದ ಗ್ರೌಂಡ್ ಬೆಳಿಗ್ಗೆ 6:30ರಿಂದ 9:30ರವರೆಗೆ ನಮ್ಮದು. 1,000 ಅಡ್ವಾನ್ಸ್ ನಾನೇ ಕೊಟ್ಟಿದ್ದೇನೆ. 9:30ಕ್ಕೆ ಫುಟ್‌ಬಾಲ್ ಹುಡುಗರು ಬರುತ್ತಾರೆ, ಒಂದು ಓವರ್ ಜಾಸ್ತಿ ಅಂದರೂ ಬಿಡುವುದಿಲ್ಲ.

ಬರುವವರು ಕೆಳಗೆ ನಂಬರ್ ಹಾಕಿ ಹೆಸರು ಬರೆಯಿರಿ. ಹೆಬ್ಬೆರಳು ಒತ್ತಿದ್ದು ಲೆಕ್ಕಕ್ಕಿಲ್ಲ. ಹೋದ ಸಲ 14 ಹೆಬ್ಬೆರಳು ಬಂದಿದ್ದವು, ಗ್ರೌಂಡಿಗೆ ಬಂದಿದ್ದು 9 ಜನ. ನಾನು ಲಾಂಗ್ ಆನ್, ಲಾಂಗ್ ಆಫ್ ಎರಡೂ ಕಡೆ ಓಡಿ ಮೂರು ದಿನ ಮೆಟ್ಟಿಲು ಹತ್ತಲಿಲ್ಲ.

1. ಪ್ರದೀಪ

ಇಮ್ರಾನ್: 2. ಇಮ್ರಾನ್

ಸಂತು: 👍

ಪ್ರದೀಪ: ಸಂತು, ಈಗಷ್ಟೇ ಏನು ಹೇಳಿದೆ?

ಸಂತು: ಅಭ್ಯಾಸ ಗುರು. 3. ಸಂತು

ಲೋಕಿ: 4. ಲೋಕಿ. ನಂಜನಗೂಡಿಂದ ಭಾವ ಬಂದಿದ್ದಾರೆ, ಕರ್ಕೊಂಡು ಬರಲಾ?

ಇಮ್ರಾನ್: ಬೌಲಿಂಗ್ ಹಾಕ್ತಾರಾ?

ಲೋಕಿ: ಜೋರಾಗಿ ಹಾಕುತ್ತಾರೆ. ಎಲ್ಲಿ ಬೀಳುತ್ತೆ ಅಂತ ಕೇಳಬೇಡ.

ಗುರುವಾರ

ಗಿರೀಶಣ್ಣ: 11 ಅಂತ ನನ್ನ ಹೆಸರು ಸೇರಿಸಪ್ಪ. ಕೀಪಿಂಗ್ ಮಾತ್ರ ಬೇಡ, ಮಂಡಿ ನೋವು.

ಪ್ರದೀಪ: ಸೇರಿಸಿದ್ದೇನೆ ಅಣ್ಣ. ಸ್ಲಿಪ್ಪಲ್ಲಿ ನಿಂತ್ಕೊಳ್ಳಿ, ಅಲ್ಲಿ ಬಾಲ್ ಹೇಗೂ ಬರಲ್ಲ.

ಶುಕ್ರವಾರ

ಪ್ರದೀಪ (ರಾತ್ರಿ 8:40): 14 ಜನ ಆಯಿತು. ಲಿಸ್ಟ್ ಕ್ಲೋಸ್. ದುಡ್ಡಿನ ಲೆಕ್ಕ: ಗ್ರೌಂಡ್ 3,000, ನಾಲ್ಕು ಟೆನಿಸ್ ಬಾಲ್ 360, ನೀರು ಮತ್ತು ಬಾಳೆಹಣ್ಣು 140. ಒಟ್ಟು 3,500. ತಲೆಗೆ 250, ನಾಳೆ ಸಂಜೆಯೊಳಗೆ ನನ್ನ ನಂಬರಿಗೆ ಕಳಿಸಿ. ಹೆಸರು ಕೊಟ್ಟು ಕೈಕೊಟ್ಟವರೂ ಕೊಡಬೇಕು.

ಟೀಮ್:
ಇಮ್ರಾನ್ (ಕ್ಯಾಪ್ಟನ್), ಸಂತು, ಅಭಿ, ಜೋಸೆಫ್, ಕಿರಣ, ಮಂಜ, ಸುಹಾಸ್
ಚೇತು (ಕ್ಯಾಪ್ಟನ್), ನಾನು, ಲೋಕಿ, ಲೋಕಿ ಭಾವ, ವಿನಯ್, ಹರ್ಷ, ಗಿರೀಶಣ್ಣ

ಚೇತು: ಅಭಿ, ಜೋಸೆಫ್ ಇಬ್ಬರೂ ಅಲ್ಲೇನಾ? ಇದು ಅನ್ಯಾಯ ಮಗಾ.

ಪ್ರದೀಪ: ಅಭಿ ಎಂಟು ತಿಂಗಳಿಂದ ಬ್ಯಾಟ್ ಮುಟ್ಟಿಲ್ಲ. ನಿನಗೆ ವಿನಯ್ ಇದ್ದಾನೆ. ಮೊದಲ ಮ್ಯಾಚ್ ಒನ್ ಸೈಡ್ ಆದರೆ ಎರಡನೆಯದಕ್ಕೆ ಒಬ್ಬೊಬ್ಬರನ್ನು ಅದಲು ಬದಲು ಮಾಡೋಣ.

ಅಭಿ: ಎಂಟಲ್ಲ, ಆರು ತಿಂಗಳು.

ಪ್ರದೀಪ: ಎಂಟು ಓವರಿನ ಎರಡು ಮ್ಯಾಚ್. ಒಬ್ಬರಿಗೆ ಎರಡೇ ಓವರ್. ಎಲ್‌ಬಿ ಇಲ್ಲ. ಬ್ಯಾಟಿಂಗ್ ಟೀಮಿನವರೇ ಅಂಪೈರ್, ಆದ್ದರಿಂದ ವೈಡ್‌ಗೆ ಸ್ಟಂಪಿನ ಎರಡೂ ಕಡೆ ಸುಣ್ಣದ ಗೆರೆ ಹಾಕುತ್ತೇನೆ. ಗೆರೆ ದಾಟಿದರೆ ವೈಡ್, ಮಾತಿಲ್ಲ. ಇನ್ನೊಂದು ವಿಷಯ: ಆ ಪಿಚ್ ಪೂರ್ವ ಪಶ್ಚಿಮ ಇದೆ. ಏಳು ಗಂಟೆ ಮೇಲೆ ಒಂದು ತುದಿಯ ಬ್ಯಾಟ್ಸ್‌ಮನ್ ಕಣ್ಣಿಗೆ ನೇರ ಬಿಸಿಲು. ಹಾಗಾಗಿ ಒಂದೇ ಕಡೆಯಿಂದ ಬೌಲಿಂಗ್, ಬ್ಯಾಟ್ ಮಾಡುವವನ ಬೆನ್ನಿಗೆ ಸೂರ್ಯ.

ಶನಿವಾರ

ಪ್ರದೀಪ (ಮಧ್ಯಾಹ್ನ 12:05): ಸಾಮಾನು ಯಾರ ಹತ್ತಿರ ಏನಿದೆ?

ಚೇತು: ನನ್ನ ಕಾರಿನ ಡಿಕ್ಕಿಯಲ್ಲಿ ಎರಡು ಬ್ಯಾಟ್. ಒಂದರ ಗ್ರಿಪ್ ಕಿತ್ತು ಹೋಗಿತ್ತು, ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ದೇನೆ. ನೋಡೋಕೆ ಚೆನ್ನಾಗಿಲ್ಲ, ಹಿಡಿತ ಮಾತ್ರ ಸೂಪರ್.

ಮಂಜ: ಸ್ಟಂಪ್ ನಮ್ಮನೇಲಿ. ಆದರೆ ಐದೇ ಇವೆ. ಆರನೆಯದಕ್ಕೆ ಅಮ್ಮ ಟೊಮೇಟೊ ಬಳ್ಳಿ ಕಟ್ಟಿದ್ದಾರೆ, ಈಗ ಕಾಯಿ ಬಿಟ್ಟಿದೆ.

ಗಿರೀಶಣ್ಣ: ಅದನ್ನು ಕೀಳಬೇಡ್ರೋ. ಬೌಲರ್ ಕಡೆ ಎರಡು ಸಾಕು.

ಪ್ರದೀಪ: ಹೌದು, ಬಳ್ಳಿ ಇರಲಿ. ಬಾಲ್ ನಾನು ತಂದಾಯಿತು. ಬೆಳಿಗ್ಗೆ ಹುಲ್ಲಲ್ಲಿ ಇಬ್ಬನಿ ಇರುತ್ತೆ, ಒದ್ದೆಯಾದರೆ ಟೆನಿಸ್ ಬಾಲ್ ಭಾರ ಆಗುತ್ತೆ. ಒಬ್ಬರು ಹಳೇ ಟವೆಲ್ ತನ್ನಿ.

ಜೋಸೆಫ್: ಟವೆಲ್ ನಂದು.

ಸುಹಾಸ್ (ರಾತ್ರಿ 9:50): ಸಾರಿ ಪ್ರದೀಪ, ಮಗಳಿಗೆ ಜ್ವರ. ಸಂಜೆಯಿಂದ ಇಳಿದಿಲ್ಲ. ನಾಳೆ ಆಗಲ್ಲ. 250 ಕಳಿಸಿದ್ದೇನೆ.

ಪ್ರದೀಪ: ಅಯ್ಯೋ, ಮಗು ನೋಡ್ಕೋ ಮಾರಾಯ. ಆ ರೂಲ್ ಇದಕ್ಕಲ್ಲ, ದುಡ್ಡು ವಾಪಸ್ ಹಾಕಿದ್ದೇನೆ.

ಎಲ್ಲರೂ ಗಮನಿಸಿ: ಈಗ 13. ಎರಡೂ ಕಡೆ ಆರಾರು, ಗಿರೀಶಣ್ಣ ಕಾಮನ್. ಎರಡೂ ಟೀಮಿಗೆ ಕೊನೆಯಲ್ಲಿ ಬ್ಯಾಟಿಂಗ್. ಲೆಕ್ಕ ತಲೆಗೆ 270 ಆಗುತ್ತೆ, ಉಳಿದ 20 ನಾಳೆ ಗ್ರೌಂಡಲ್ಲಿ ಕೊಡಿ.

ಗಿರೀಶಣ್ಣ: ಅಂದರೆ ಎರಡೂ ಮ್ಯಾಚ್ ನಾನೇ ಗೆದ್ದಂಗೆ.

ಭಾನುವಾರ

ಪ್ರದೀಪ (5:41): ಹೊರಟೆ. ಯಾರು ಎದ್ದಿದ್ದೀರಿ?

ಹರ್ಷ: ನಾನು.

ವಿನಯ್: ಕಿರಣನ ಮನೆ ಕೆಳಗೆ ಹಾರ್ನ್ ಹೊಡೀತಾ ಇದ್ದೇನೆ. ಅವನ ಬಿಟ್ಟು ಬೀದಿಯೆಲ್ಲಾ ಎದ್ದಿದೆ.

ಇಮ್ರಾನ್ (6:14): ನಾನು ಗ್ರೌಂಡಲ್ಲಿದ್ದೇನೆ, ಗೇಟ್ ತೆಗೆದಿದೆ. ಪಿಚ್ ಮೇಲೆ ಸರಿಯಾಗಿ ಗುಡ್ ಲೆಂತಲ್ಲಿ ಒಂದು ನಾಯಿ ಮಲಗಿದೆ. ನಾನು ಎಬ್ಬಿಸಲ್ಲ. ಚೇತು ಬಂದು ಮಾತಾಡಲಿ, ಅವನೂ ಕ್ಯಾಪ್ಟನ್ ತಾನೇ.