ಜಂಟಿ ರಾಜಿ ಅರ್ಜಿ

ಮಾನ್ಯ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ, ಗಂಗಾವತಿ, ಕೊಪ್ಪಳ ಜಿಲ್ಲೆ
ಮೂಲ ದಾವೆ ಸಂಖ್ಯೆ 143/2022

ವಾದಿ: ಶಾಂತಮ್ಮ ಗಂಡ ವೀರಭದ್ರಪ್ಪ, ವಯಸ್ಸು 47, ಮನೆಗೆಲಸ, ಸಾ: ಸಿಂಧನೂರು.

ಪ್ರತಿವಾದಿಗಳು:
1. ಬಸವರಾಜ ತಂದೆ ದಿ. ಹನುಮಂತಪ್ಪ, ವಯಸ್ಸು 52, ಒಕ್ಕಲುತನ
2. ಮಲ್ಲಿಕಾರ್ಜುನ ತಂದೆ ದಿ. ಹನುಮಂತಪ್ಪ, ವಯಸ್ಸು 44, ಒಕ್ಕಲುತನ
3. ಗೌರಮ್ಮ ಗಂಡ ದಿ. ಹನುಮಂತಪ್ಪ, ವಯಸ್ಸು 71
ಮೂವರೂ ಸಾ: ಮರಳಿ, ತಾ: ಗಂಗಾವತಿ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3ರ ಅಡಿ ಉಭಯ ಪಕ್ಷಗಾರರು ಸಲ್ಲಿಸುವ ಅರ್ಜಿ:

1. ಇದು ಪಾಲು ಮತ್ತು ಪ್ರತ್ಯೇಕ ಸ್ವಾಧೀನಕ್ಕಾಗಿ ಹಾಕಿದ ದಾವೆ. ದಾವಾ ಆಸ್ತಿಗಳು ದಿ. ಹನುಮಂತಪ್ಪನವರ ಕುಟುಂಬದ ಆಸ್ತಿಗಳು ಎಂದು ನಾವೆಲ್ಲರೂ ಒಪ್ಪುತ್ತೇವೆ. ವಾದಿ ದಿ. ಹನುಮಂತಪ್ಪನವರ ಮಗಳು. ಹನುಮಂತಪ್ಪನವರಿಗೆ ನಾವು ನಾಲ್ವರನ್ನು ಬಿಟ್ಟು ಬೇರೆ ವಾರಸುದಾರರಿಲ್ಲ. ಈ ದಾವೆಯಲ್ಲಿ ಅಪ್ರಾಪ್ತ ವಯಸ್ಸಿನವರು ಯಾರೂ ಪಕ್ಷಗಾರರಲ್ಲ. ಹಿರಿಯರ ಮುಂದೆ ಕೂತು ಮಾತಾಡಿ, ಕೆಳಗಿನಂತೆ ರಾಜಿಯಾಗಿದ್ದೇವೆ.

2. 3ನೇ ಪ್ರತಿವಾದಿ ಜಮೀನು ಮತ್ತು ಮನೆಯಲ್ಲಿರುವ ತನ್ನ ಪಾಲನ್ನು ಬಿಟ್ಟುಕೊಟ್ಟಿದ್ದಾರೆ. ಅದರ ಬದಲಿಗೆ ಅವರಿಗೆ 8ನೇ ಕಲಮಿನ ಹಕ್ಕುಗಳು ಸಿಗುತ್ತವೆ. ವಾದಿ ಮನೆಯಲ್ಲಿರುವ ಪಾಲನ್ನು ಬಿಟ್ಟುಕೊಟ್ಟಿದ್ದಾರೆ. ಅದರ ಬದಲಿಗೆ 6ನೇ ಕಲಮಿನ ಹಣ ಸಿಗುತ್ತದೆ.

3. ಜಮೀನನ್ನು ಮೂರು ಸಮಪಾಲು ಮಾಡಲಾಗಿದೆ. ಪೂರ್ವ-ಪಶ್ಚಿಮ 594 ಅಡಿ, ಉತ್ತರ-ದಕ್ಷಿಣ 462 ಅಡಿ ಇರುವ ಜಮೀನಿದು. ವಾಯವ್ಯ ಮೂಲೆಯ ಸರ್ವೆ ಕಲ್ಲಿನಿಂದ ಪೂರ್ವಕ್ಕೆ ಅಳೆಯಬೇಕು. ಮೊದಲ 198 ಅಡಿ 1ನೇ ಪ್ರತಿವಾದಿಗೆ (ಎ-1), ಮುಂದಿನ 198 ಅಡಿ 2ನೇ ಪ್ರತಿವಾದಿಗೆ (ಎ-2), ಕೊನೆಯ 198 ಅಡಿ ವಾದಿಗೆ (ಎ-3). ಪ್ರತಿ ಪಾಲು 2 ಎಕರೆ 4 ಗುಂಟೆ. ಪರವಾನಗಿ ಪಡೆದ ಭೂಮಾಪಕರು ತಯಾರಿಸಿದ ನಕ್ಷೆಗೆ ನಾವು ನಾಲ್ವರೂ ಸಹಿ ಅಥವಾ ಗುರುತು ಹಾಕಿದ್ದೇವೆ. ಅದು ಡಿಕ್ರಿಯ ಭಾಗ. ಬರಹಕ್ಕೂ ನಕ್ಷೆಗೂ ವ್ಯತ್ಯಾಸ ಕಂಡರೆ ಈ ಕಲಮಿನ ಅಳತೆಯೇ ಅಂತಿಮ.

4. ನೀರಿನ ವಿಷಯ. ತೂಬು ಪಶ್ಚಿಮ ಬದುವಿನಲ್ಲಿದೆ, ವಾದಿಯ ಪಾಲು ಪೂರ್ವದ ಕೊನೆಯಲ್ಲಿದೆ. ದಾರಿ ಕೊಡದಿದ್ದರೆ ವಾದಿಗೆ ಸಿಗುವುದು ಬರೀ ಒಣ ನೆಲ, ಭತ್ತದ ಗದ್ದೆಯಲ್ಲ. ಆದ್ದರಿಂದ:

(ಅ) ಎ-1 ಮತ್ತು ಎ-2ರ ಉತ್ತರ ಬದುವಿಗೆ ಅಂಟಿ, ತೂಬಿನಿಂದ ಎ-3ರವರೆಗೆ 3 ಅಡಿ ಅಗಲ, 396 ಅಡಿ ಉದ್ದದ ನೀರುಗಾಲುವೆ ಇರಬೇಕು. 1 ಮತ್ತು 2ನೇ ಪ್ರತಿವಾದಿಗಳು ಅದನ್ನು 31-12-2025ರೊಳಗೆ ತಮ್ಮ ಖರ್ಚಿನಲ್ಲಿ ತೆಗೆಯಬೇಕು. ತೆಗೆಯದಿದ್ದರೆ ನ್ಯಾಯಾಲಯದ ಕಮಿಷನರ್ ಮೂಲಕ ವಾದಿ ತೆಗೆಸಬಹುದು, ಖರ್ಚನ್ನು ಅದೇ ಜಾರಿ ಅರ್ಜಿಯಲ್ಲಿ ವಸೂಲು ಮಾಡಬಹುದು.

(ಆ) ಉಪಕಾಲುವೆಗೆ ನೀರು ಬಿಟ್ಟ ಪ್ರತಿ ಸರದಿಯಲ್ಲಿ, ತೂಬಿಗೆ ನೀರು ಬಂದ ಗಳಿಗೆಯಿಂದ ಮೊದಲ 8 ಗಂಟೆ ಎ-3ಕ್ಕೆ, ಮುಂದಿನ 8 ಗಂಟೆ ಎ-2ಕ್ಕೆ, ಆಮೇಲಿನ 8 ಗಂಟೆ ಎ-1ಕ್ಕೆ. ಸರದಿ ಮುಗಿಯುವವರೆಗೆ ಇದೇ ಕ್ರಮ ಮರುಕಳಿಸುತ್ತದೆ. ಕೊನೆಯ ಗದ್ದೆಗೆ ಮೊದಲು ನೀರು ಎಂದು ಬೇಕಂತಲೇ ಬರೆದಿದ್ದೇವೆ. ಇದು ನಮ್ಮ ನಡುವಿನ ಹಂಚಿಕೆ ಮಾತ್ರ. ನೀರಾವರಿ ಇಲಾಖೆಯ ಸರದಿಯನ್ನು ಇದು ಬದಲಿಸುವುದಿಲ್ಲ.

(ಇ) ಎ-1 ಮತ್ತು ಎ-2ರ ದಕ್ಷಿಣ ಬದುವಿಗೆ ಅಂಟಿ, ಎ-3ರವರೆಗೆ 10 ಅಡಿ ಅಗಲದ ಬಂಡಿ ದಾರಿ ಇರಬೇಕು. ಟ್ರ್ಯಾಕ್ಟರ್ ಮತ್ತು ಭತ್ತ ಕೊಯ್ಯುವ ಯಂತ್ರ ಹೋಗಲು ಅಡ್ಡಿ ಮಾಡಬಾರದು.

(ಈ) ನೀರುಗಾಲುವೆ ಮತ್ತು ಬಂಡಿ ದಾರಿಯ ನೆಲ ಆಯಾ ಪಾಲುದಾರರದ್ದೇ. ಬಳಸುವ ಹಕ್ಕು ಶಾಶ್ವತ. ಜಮೀನು ಕೊಂಡವರಿಗೂ ಇದು ಅನ್ವಯಿಸುತ್ತದೆ. ಇವುಗಳಿಗೆ ಅಡ್ಡಿ ಮಾಡದಂತೆ 1 ಮತ್ತು 2ನೇ ಪ್ರತಿವಾದಿಗಳ ವಿರುದ್ಧ ಶಾಶ್ವತ ನಿರ್ಬಂಧಕಾಜ್ಞೆ ಆಗಲಿ. ಮೀರಿದರೆ ಆದೇಶ 21, ನಿಯಮ 32ರಂತೆ ಜಾರಿ.

5. ಈ ಮುಂಗಾರಿನ ಪೈರು ನಾಟಿ ಮಾಡಿದವರಿಗೇ ಸೇರುತ್ತದೆ. ಕೊಯ್ಲು ಮುಗಿಸಿ, 31-12-2025ರೊಳಗೆ ಎ-3ರ ಖಾಲಿ ಸ್ವಾಧೀನವನ್ನು ವಾದಿಗೆ ಕೊಡಬೇಕು. ಕೊಡದಿದ್ದರೆ ಮರುದಿನದಿಂದಲೇ ಆದೇಶ 21, ನಿಯಮ 35ರಂತೆ ಬೇಲಿಫ್ ಮೂಲಕ ಪಡೆಯಬಹುದು. ತಡವಾದ ಪ್ರತಿ ದಿನಕ್ಕೆ 300 ರೂ. ನಷ್ಟಭರ್ತಿ. ಹಿಂದಿನ ವರ್ಷಗಳ ಉತ್ಪನ್ನದ ಲೆಕ್ಕವನ್ನು ವಾದಿ ಬಿಟ್ಟುಬಿಟ್ಟಿದ್ದಾರೆ.

6. ಮನೆಯ ಪಾಲಿಗಾಗಿ 1 ಮತ್ತು 2ನೇ ಪ್ರತಿವಾದಿಗಳು ವಾದಿಗೆ ಒಟ್ಟು 4,50,000 ರೂ. ಕೊಡಬೇಕು. ಇದರಲ್ಲಿ 1,50,000 ರೂ.ಗಳ ಡಿಮ್ಯಾಂಡ್ ಡ್ರಾಫ್ಟನ್ನು ವಾದಿ ಇಂದು ತೆರೆದ ನ್ಯಾಯಾಲಯದಲ್ಲಿ ಪಡೆದಿದ್ದಾರೆ. ಉಳಿದದ್ದನ್ನು ಈ ನ್ಯಾಯಾಲಯದಲ್ಲಿ ಠೇವಣಿ ಇಡಬೇಕು: 15-12-2025ರೊಳಗೆ 1,50,000 ರೂ., 15-06-2026ರೊಳಗೆ 1,50,000 ರೂ. ಒಂದು ಕಂತು ತಪ್ಪಿದರೂ ಬಾಕಿಯೆಲ್ಲ ಒಮ್ಮೆಗೇ ವಸೂಲಿಗೆ ಬರುತ್ತದೆ, ತಪ್ಪಿದ ದಿನದಿಂದ ವರ್ಷಕ್ಕೆ ಶೇ. 9 ಬಡ್ಡಿ. ಇಬ್ಬರೂ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ. ಪೂರ್ತಿ ತೀರುವವರೆಗೆ ‘ಬಿ’ ಆಸ್ತಿಯ ಮೇಲೆ ಬೋಜಾ ಇರುತ್ತದೆ. ಅಲ್ಲಿಯವರೆಗೆ ಮನೆ ಮಾರುವಂತಿಲ್ಲ, ಅಡಮಾನ ಇಡುವಂತಿಲ್ಲ.

7. ಮನೆಯ ಉತ್ತರದ ಅರ್ಧ (40 x 30 ಅಡಿ) 1ನೇ ಪ್ರತಿವಾದಿಗೆ, ದಕ್ಷಿಣದ ಅರ್ಧ (40 x 30 ಅಡಿ) 2ನೇ ಪ್ರತಿವಾದಿಗೆ. ನಡುಗೋಡೆ ಇಬ್ಬರದ್ದು.

8. 3ನೇ ಪ್ರತಿವಾದಿಗೆ ಬದುಕಿರುವವರೆಗೆ ದಕ್ಷಿಣದ ಅರ್ಧದಲ್ಲಿ, ಪಡಸಾಲೆಯ ಪಕ್ಕದ ಕೋಣೆ, ಅಡುಗೆಮನೆ ಮತ್ತು ಶೌಚಾಲಯ ಬಳಸುವ ಹಕ್ಕಿದೆ. ಯಾರೂ ಎಬ್ಬಿಸುವಂತಿಲ್ಲ. 1 ಮತ್ತು 2ನೇ ಪ್ರತಿವಾದಿಗಳು ತಲಾ 3,000 ರೂ.ಗಳನ್ನು ಪ್ರತಿ ತಿಂಗಳ 5ನೇ ತಾರೀಖಿನೊಳಗೆ, 2025ರ ಆಗಸ್ಟ್‌ನಿಂದ, ಅವರ ಬ್ಯಾಂಕ್ ಖಾತೆಗೆ ಹಾಕಬೇಕು. ಕೈಯಲ್ಲಿ ಕೊಟ್ಟೆ ಎಂಬ ಮಾತು ಒಪ್ಪಿಗೆಯಿಲ್ಲ. ಬಾಕಿಗೆ ತಪ್ಪಿದವರ ಜಮೀನಿನ ಪಾಲಿನ ಮೇಲೆ ಬೋಜಾ. ಇದಕ್ಕಾಗಿ ಹೊಸ ದಾವೆ ಬೇಡ, ಜಾರಿ ಅರ್ಜಿಯೇ ಸಾಕು.

ತವರಿಗೆ ಹಬ್ಬಕ್ಕೆ ಕರೆಯುವುದು, ಉಡಿ ತುಂಬುವುದು ಮುಂತಾದ ಮಾತುಗಳೂ ಬಂದಿದ್ದವು. ಅವನ್ನು ಕೋರ್ಟು ಜಾರಿ ಮಾಡಲಾಗದು, ಹಾಗಾಗಿ ಷರತ್ತಾಗಿ ಬರೆದಿಲ್ಲ.

9. ಪಹಣಿಯಲ್ಲಿರುವ ಸೊಸೈಟಿಯ ಬೆಳೆಸಾಲದ ಬೋಜಾ 1,20,000 ರೂ. 1ನೇ ಪ್ರತಿವಾದಿಯದು. 30-09-2025ರೊಳಗೆ ಅವರೇ ಬಡ್ಡಿಸಮೇತ ತೀರಿಸಿ, ಋಣಮುಕ್ತ ಪತ್ರವನ್ನು ನ್ಯಾಯಾಲಯಕ್ಕೆ ಹಾಜರುಪಡಿಸಬೇಕು. ಸೊಸೈಟಿ ಈ ದಾವೆಯ ಪಕ್ಷಗಾರನಲ್ಲ, ಅದರ ಹಕ್ಕಿಗೆ ಈ ರಾಜಿಯಿಂದ ಬಾಧೆಯಿಲ್ಲ. ವಾದಿ ಆ ಸಾಲ ಕಟ್ಟಬೇಕಾಗಿ ಬಂದರೆ, ಕಟ್ಟಿದಷ್ಟನ್ನು ಶೇ. 9 ಬಡ್ಡಿಯೊಂದಿಗೆ 1ನೇ ಪ್ರತಿವಾದಿಯಿಂದ ಇದೇ ಡಿಕ್ರಿಯ ಜಾರಿಯಲ್ಲಿ ವಸೂಲು ಮಾಡಬಹುದು.

10. ಪಾಲುಗಳು ಈಗಲೇ ಚೆಕ್ಕುಬಂದಿ ಸಮೇತ ಗೊತ್ತಾಗಿವೆ. ಪ್ರಾಥಮಿಕ ಡಿಕ್ರಿ ಮಾಡಿ ಮತ್ತೆ ಅಳತೆಗೆ ಕಳಿಸುವ ಅಗತ್ಯವಿಲ್ಲ. ನೇರವಾಗಿ ಅಂತಿಮ ಡಿಕ್ರಿ ಆಗಲಿ. ಅದಕ್ಕೆ ಬೇಕಾದ ಛಾಪಾ ಕಾಗದವನ್ನು ವಾದಿ ಮತ್ತು 1, 2ನೇ ಪ್ರತಿವಾದಿಗಳು ಸಮನಾಗಿ ಖರ್ಚು ಹಾಕಿ, 30 ದಿನಗಳೊಳಗೆ ಹಾಜರುಪಡಿಸಬೇಕು. ಒಬ್ಬರು ತಪ್ಪಿದರೆ ಇನ್ನೊಬ್ಬರು ಪೂರ್ತಿ ಹಾಕಿ, ಅವರ ಭಾಗವನ್ನು ಜಾರಿಯಲ್ಲಿ ವಸೂಲು ಮಾಡಬಹುದು.

11. ಡಿಕ್ರಿಯ ದೃಢೀಕೃತ ನಕಲು ಕೊಟ್ಟು ಯಾರು ಬೇಕಾದರೂ ಪೋಡಿ, ಪಹಣಿ ಬದಲಾವಣೆ ಮತ್ತು ಪಂಚಾಯಿತಿ ಖಾತೆ ಮಾಡಿಸಿಕೊಳ್ಳಬಹುದು. ಇದಕ್ಕೆ ಬೇಕಾದ ಕಾಗದಕ್ಕೆ ಕೇಳಿದ 15 ದಿನಗಳೊಳಗೆ ಉಳಿದವರು ಸಹಿ ಮಾಡಬೇಕು. ಮಾಡದಿದ್ದರೆ ಆದೇಶ 21, ನಿಯಮ 34ರಂತೆ ಅವರ ಪರವಾಗಿ ನ್ಯಾಯಾಲಯವೇ ಸಹಿ ಮಾಡಿಸಲಿ.

12. ಬಾಕಿ ಇರುವ ಮಧ್ಯಂತರ ಅರ್ಜಿಗಳು ಮುಕ್ತಾಯವಾಗಲಿ. ದಾವಾ ಖರ್ಚು ಅವರವರದ್ದು.

ಈ ಷರತ್ತುಗಳನ್ನು ನಮಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ. ಯಾರ ಒತ್ತಾಯವೂ ಇಲ್ಲದೆ ಒಪ್ಪಿದ್ದೇವೆ. ಮೇಲಿನಂತೆ ರಾಜಿ ದಾಖಲಿಸಿ, ಡಿಕ್ರಿ ಮಾಡಬೇಕೆಂದು ಕೋರುತ್ತೇವೆ.

ಷೆಡ್ಯೂಲ್ ‘ಎ’: ಮರಳಿ ಗ್ರಾಮದ ಸರ್ವೆ ನಂ. 86/2, ವಿಸ್ತೀರ್ಣ 6 ಎಕರೆ 12 ಗುಂಟೆ, ತರಿ.
ಚೆಕ್ಕುಬಂದಿ: ಪೂರ್ವಕ್ಕೆ ಸರ್ವೆ ನಂ. 88, ಪಶ್ಚಿಮಕ್ಕೆ ಉಪಕಾಲುವೆ ಮತ್ತು ಅದರ ದಾರಿ, ಉತ್ತರಕ್ಕೆ ಸರ್ವೆ ನಂ. 85, ದಕ್ಷಿಣಕ್ಕೆ ಸರ್ವೆ ನಂ. 87.
ಎ-1: ಪೂರ್ವಕ್ಕೆ ಎ-2, ಪಶ್ಚಿಮಕ್ಕೆ ಉಪಕಾಲುವೆಯ ದಾರಿ. ಎ-2: ಪೂರ್ವಕ್ಕೆ ಎ-3, ಪಶ್ಚಿಮಕ್ಕೆ ಎ-1. ಎ-3: ಪೂರ್ವಕ್ಕೆ ಸರ್ವೆ ನಂ. 88, ಪಶ್ಚಿಮಕ್ಕೆ ಎ-2. ಮೂರಕ್ಕೂ ಉತ್ತರ-ದಕ್ಷಿಣ ಮೇಲಿನಂತೆ.

ಷೆಡ್ಯೂಲ್ ‘ಬಿ’: ಮರಳಿ ಗ್ರಾಮ ಪಂಚಾಯಿತಿ ಆಸ್ತಿ ನಂ. 214, ವಾಸದ ಮನೆ, ಪೂರ್ವ-ಪಶ್ಚಿಮ 40 ಅಡಿ, ಉತ್ತರ-ದಕ್ಷಿಣ 60 ಅಡಿ.
ಚೆಕ್ಕುಬಂದಿ: ಪೂರ್ವಕ್ಕೆ ಊರ ರಸ್ತೆ, ಪಶ್ಚಿಮಕ್ಕೆ ಹಿತ್ತಲ ಓಣಿ, ಉತ್ತರಕ್ಕೆ ಆಸ್ತಿ ನಂ. 213, ದಕ್ಷಿಣಕ್ಕೆ ಆಸ್ತಿ ನಂ. 215.

ಗಂಗಾವತಿ, 16-07-2025

ಸಹಿ: ಶಾಂತಮ್ಮ, ವಾದಿ
ಸಹಿ: ಬಸವರಾಜ, 1ನೇ ಪ್ರತಿವಾದಿ
ಸಹಿ: ಮಲ್ಲಿಕಾರ್ಜುನ, 2ನೇ ಪ್ರತಿವಾದಿ
ಎಡಗೈ ಹೆಬ್ಬೆಟ್ಟಿನ ಗುರುತು: ಗೌರಮ್ಮ, 3ನೇ ಪ್ರತಿವಾದಿ
(ಓದಿ ಹೇಳಿದೆ, ಒಪ್ಪಿ ನನ್ನ ಮುಂದೆ ಗುರುತು ಹಾಕಿದರು. ಸಹಿ: ಪ್ರತಿವಾದಿಗಳ ಪರ ವಕೀಲರು)
ಸಹಿ: ವಾದಿ ಪರ ವಕೀಲರು